60 ಡಿಗ್ರಿಯಲ್ಲಿ ಕೋಳಿ ಬೇಯುತ್ತೆ: ನನ್ನ ಅನುಭವ

ಜಿಮ್‌ಗೆ ಹೋಗುವವರಿಗೆ ಊಟದ ಡಬ್ಬಿ ಕಳಿಸುವವರಿಗೆ ಗೊತ್ತಿರುತ್ತೆ, ಕೋಳಿ ಎದೆಮಾಂಸ ಎಂಥ ತಲೆನೋವು ಅಂತ. ಹತ್ತು ಕೆಜಿ ಬೇಯಿಸಿದರೆ ಕೈಗೆ ಸಿಗೋದು ಏಳು, ಅದೂ ಒಣ ನಾರು. ಸೂ ವೀಡ್, ಅಂದರೆ ಮಾಂಸಾನ ಗಾಳಿ ತೆಗೆದ ಚೀಲದಲ್ಲಿ ಹಾಕಿ ಒಂದೇ ಹದದ ಬಿಸಿನೀರಲ್ಲಿ ಬೇಯಿಸೋದು, ಅದನ್ನ ಮಾಡ್ತೀನಿ ಅಂದಾಗ ನಮ್ಮ ಭಾವ, "ಬಿಸಿನೀರಲ್ಲಿ ನೆನೆಹಾಕಿದ ಕೋಳೀನ ಯಾರಪ್ಪಾ ತಿಂತಾರೆ?" ಅಂತ ನಕ್ಕಿದ್ದರು. ಈಗ ಅವರ ಮನೆಗೂ ನಂದೇ ಡಬ್ಬಿ.

ಎಲ್ಲರ ತಲೆಯಲ್ಲಿ ಕೂತಿರೋದು 74 ಡಿಗ್ರಿ. ಅಷ್ಟು ಬಿಸಿಗೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಕ್ಷಣ ಸಾಯುತ್ತೆ, ನಿಜ. ಆದರೆ 60ರಲ್ಲಿ ಸುಮಾರು 35 ನಿಮಿಷ ನಿಲ್ಲಿಸಿದರೂ ಅಷ್ಟೇ ಕೆಲಸ ಆಗುತ್ತೆ. ಆ 35 ನಿಮಿಷ ಎಣಿಸಬೇಕಾದ್ದು ತುಂಡಿನ ನಡುಭಾಗ 60ರ ಹತ್ತಿರ ಬಂದ ಮೇಲೆ. ಒಂದು ಇಂಚು ದಪ್ಪದ ಎದೆ, ಫ್ರಿಜ್‌ನಿಂದ ತೆಗೆದದ್ದು, ಎಲ್ಲಾ ಸೇರಿ ಒಂದೂವರೆ ಗಂಟೆ ಬಿಡ್ತೀನಿ. ದಪ್ಪ ಎರಡು ಪಟ್ಟಾದರೆ ಬಿಸಿ ಒಳಗೆ ಹೋಗೋಕೆ ನಾಲ್ಕು ಪಟ್ಟು ಹೊತ್ತು ಬೇಕು.

ಪೆಟ್ಟು ಬಿದ್ದದ್ದೂ ಅಲ್ಲೇ. ನೀರಿನ ಪಾತ್ರೆಯಲ್ಲಿ ಚೀಲಗಳು ಒಂದಕ್ಕೊಂದು ಅಂಟಿಕೊಂಡು ಎರಡು ತುಂಡು ಒಂದೇ ದಪ್ಪ ತುಂಡಿನಂತಾಗಿತ್ತು. ನೀರು 60 ತೋರಿಸ್ತಿತ್ತು, ನಡುವೆ ಸೂಜಿ ಥರ್ಮಾಮೀಟರ್ ಚುಚ್ಚಿದರೆ 54. ಬಣ್ಣ ನೋಡಿದರೆ ಏನೂ ಗೊತ್ತಾಗ್ತಿರಲಿಲ್ಲ, ಅದೂ ಬೆಳ್ಳಗೇ ಇತ್ತು. ಆ ದಿನದ ಮಾಲು ಕುಕ್ಕರ್‌ಗೆ ಹೋಯ್ತು. ಆಮೇಲೆ ತಟ್ಟೆ ಸ್ಟ್ಯಾಂಡಿನಲ್ಲಿ ಚೀಲಗಳನ್ನು ನಿಲ್ಲಿಸೋಕೆ ಶುರು ಮಾಡಿದೆ, ಅತಿ ದಪ್ಪನೆಯ ತುಂಡಿಗೇ ಸೂಜಿ.

ಕರೆಂಟ್ ಹೋದರೆ? ಪಾತ್ರೆ ಬಿಟ್ಟು ಐಸ್ ಬಾಕ್ಸ್ ಹಿಡಿದೆ, ಮುಚ್ಚಳ ಹಾಕಿದರೆ ಗಂಟೆಗೆ ಒಂದೆರಡು ಡಿಗ್ರಿ ಇಳಿಯುತ್ತೆ ಅಷ್ಟೆ. ನೀರು 54ಕ್ಕೆ ಇಳಿಯೋ ಹೊತ್ತಿಗೆ ಕರೆಂಟ್ ಬಂದಿಲ್ಲ ಅಂದರೆ ಕಾಯೋದಿಲ್ಲ, ಗ್ಯಾಸ್ ಮೇಲೆ ಕುದಿಸಿಬಿಡ್ತೀನಿ. 52ರ ಕೆಳಗೆ ಪರ್ಫ್ರಿಂಜೆನ್ಸ್ ಅನ್ನೋ ಇನ್ನೊಂದು ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ ಶುರು ಮಾಡುತ್ತೆ.

ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಚ್ಚಿ ಒಂದು ಸಲ ನೋಡಿದೆ. ಮಾಂಸದ ಮೇಲ್ಭಾಗ ಉಗುರಲ್ಲಿ ಕೆರೆದರೆ ಬರುವಷ್ಟು ಪೇಸ್ಟ್ ಆಗಿತ್ತು. ಹಸಿ ಶುಂಠಿಯಲ್ಲಿ ಮಾಂಸ ಕರಗಿಸುವ ಎಂಜೈಮ್ ಇದೆ, ಅದು ಚುರುಕಾಗಿರೋದೇ 60ರ ಆಸುಪಾಸಲ್ಲಿ. ಬೆಳ್ಳುಳ್ಳಿ ಹಸಿ ವಾಸನೆ ಬಿಡಲೇ ಇಲ್ಲ. ಈಗ ಎರಡನ್ನೂ ಎಣ್ಣೆಯಲ್ಲಿ ಹುರಿದೇ ಹಾಕೋದು.

ಬೆಂದ ತಕ್ಷಣ ಚೀಲ ಸಮೇತ ಐಸ್ ನೀರಿಗೆ. ಈ ಬಿಸಿಗೆ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯಲ್ಲ, ಹಾಗಾಗಿ ಫ್ರಿಜ್ 3 ಡಿಗ್ರಿ ದಾಟಬಾರದು, ನಾನು ಎರಡು ದಿನಕ್ಕಿಂತ ಹೆಚ್ಚು ಇಡೋದಿಲ್ಲ.

ನೀರನ್ನ ಒಂದೇ ಬಿಸಿಯಲ್ಲಿ ಇಡೋ ಸರ್ಕ್ಯುಲೇಟರ್‌ಗೆ ಹತ್ತು ಸಾವಿರದ ಹತ್ತಿರ ಬಿತ್ತು. ಹತ್ತು ಕೆಜಿಗೆ ಈಗ ಎಂಟೂವರೆ ಕೆಜಿ ಬರುತ್ತೆ, ಅಂದರೆ 150 ಗ್ರಾಂನ ಹತ್ತು ಡಬ್ಬಿ ಜಾಸ್ತಿ. ಎರಡು ತಿಂಗಳೊಳಗೆ ಅದರ ದುಡ್ಡು ವಾಪಸ್ ಬಂತು.