ಬೋರ್‌ನ ಮೋಟರ್ ಎಷ್ಟು ಗಂಟೆ ಓಡಬೇಕು?

ಮೋಟರ್ ಹಾಕೋ ಮೊದಲು ಒಂದು 200 ಲೀಟರ್ ಡ್ರಮ್ ತಗೊಂಡು ಹೊಲಕ್ಕೆ ಹೋಗಿ. ಬೋರ್ ಕೊರೆದವರು "ಎರಡಿಂಚು ನೀರು" ಅಂದಿದ್ದನ್ನೇ ಲೆಕ್ಕಕ್ಕೆ ಹಿಡಿಯಬೇಡಿ. ಆ ಇಂಚು ಪೈಪಿನ ಅಳತೆ ಅಲ್ಲ, ವಿ ಆಕಾರದ ಕಚ್ಚಿನ ತಗಡಿನ ಮೇಲೆ ನೀರು ಹರಿಯುವ ಎತ್ತರ. ಆ ಲೆಕ್ಕದ ಎರಡಿಂಚು ಅಂದ್ರೆ ಗಂಟೆಗೆ 2,900 ಲೀಟರ್ ಆಸುಪಾಸು ಅಷ್ಟೇ.

ಮೋಟರ್ ಹಾಕಿದ ಕೂಡಲೇ ಬರುವ ನೀರು ಜೋರಾಗಿರುತ್ತದೆ, ಒಳಗೆ ನಿಂತಿದ್ದ ನೀರು ಖಾಲಿಯಾದ ಮೇಲೆ ಧಾರೆ ಸಣ್ಣಗಾಗುತ್ತದೆ. ಅದಕ್ಕೆ ಎರಡು ಗಂಟೆ ಓಡಿದ ಮೇಲೆ ಅಳೆಯಿರಿ. ಹೊಲದಲ್ಲಿ ನೀರು ಬೀಳುವ ಬಾಯಲ್ಲೇ ಡ್ರಮ್ ಇಟ್ಟು ಮೊಬೈಲಲ್ಲಿ ಸೆಕೆಂಡ್ ನೋಡಿ. ನಮ್ಮ ಬೋರಿಗೆ ಡ್ರಮ್ ತುಂಬಲು 100 ಸೆಕೆಂಡ್ ಬೇಕಾಯಿತು. ಸೆಕೆಂಡಿಗೆ 2 ಲೀಟರ್, ಅಂದರೆ ಗಂಟೆಗೆ 7,200.

ಇನ್ನು ಬೆಳೆಗೆ ಎಷ್ಟು ಬೇಕು ಅನ್ನೋದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಸರಿಯಾಗಿ ಒಂದು ಲೀಟರ್. ಎಕರೆಗೆ 4,047 ಚದರ ಮೀಟರ್, ಹಾಗಾಗಿ ಒಂದು ಮಿಲಿಮೀಟರಿಗೆ 4,047 ಲೀಟರ್. ಇದೊಂದು ಅಂಕಿ ನೆನಪಿದ್ದರೆ ಸಾಕು. ಟೊಮೇಟೊಗೋ ರಾಗಿಗೋ 50 ಮಿಲಿಮೀಟರ್ ಹಾಯಿಸಬೇಕು ಅಂದರೆ ಎರಡು ಲಕ್ಷದ ಎರಡು ಸಾವಿರ ಲೀಟರ್ ಚಿಲ್ಲರೆ. ಅದನ್ನು 7,200ರಿಂದ ಭಾಗಿಸಿ, 28 ಗಂಟೆ ಬರುತ್ತದೆ.

ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಸಿಕ್ಕರೆ ಇದು ನಾಲ್ಕು ದಿನದ ಕೆಲಸ, ದಿನಕ್ಕೆ ಹತ್ತು ಗುಂಟೆ. ನಾನು ಮೊದಲು ಇದನ್ನು ಗೊತ್ತಿಲ್ಲದೆ ಒಂದೇ ದಿನಕ್ಕೆ ಇಡೀ ಎಕರೆಗೆ ನೀರು ಬಿಡುತ್ತಿದ್ದೆ. ಮಡಿ ಎಲ್ಲಾ ಒದ್ದೆ ಕಾಣೋದು, ಗಿಡ ಮಾತ್ರ ಮೂರನೇ ದಿನಕ್ಕೆ ಬಾಡೋದು. ಲೆಕ್ಕ ಹಾಕಿದರೆ ಬೇರಿಗೆ ಸಿಕ್ಕಿದ್ದು 12 ಮಿಲಿಮೀಟರ್ ಅಷ್ಟೇ, ಮೇಲ್ಮಣ್ಣು ನೆನೆಸಿ ಆರಿ ಹೋಗಿತ್ತು.

ಮಣ್ಣಿನ ಕಾಲುವೆಯಲ್ಲಿ ನೀರು ಬಿಡುವವರು ಇಂಗಿ ಹೋಗೋದನ್ನೂ ಸೇರಿಸಬೇಕು. ಡ್ರಮ್ ಇಟ್ಟಿದ್ದು ಬೋರಿನ ಬಾಯಲ್ಲಾದರೆ, ಮಡಿಗೆ ತಲುಪೋದು ಐದರಲ್ಲಿ ನಾಲ್ಕು ಪಾಲು ಅಂತ ಇಟ್ಟುಕೊಳ್ಳಿ. 28 ಗಂಟೆ 35 ಆಗುತ್ತದೆ. ಮರಳು ಮಿಶ್ರಿತ ಮಣ್ಣಾದರೆ ಇನ್ನೂ ಜಾಸ್ತಿ.

ನೀರು ನಿಜವಾಗಿ ಇಳಿಯಿತಾ ಅಂತ ಮಾರನೇ ದಿನ ಕಬ್ಬಿಣದ ಸಲಾಕೆ ಚುಚ್ಚಿ ನೋಡಿ. ನೆಂದಷ್ಟು ಆಳಕ್ಕೆ ಸಲೀಸಾಗಿ ಹೋಗಿ, ಒಣ ಮಣ್ಣು ಸಿಕ್ಕಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಕೆಂಪು ಮಣ್ಣಿಗೆ 50 ಮಿಲಿಮೀಟರ್ ಬಿದ್ದರೆ ಒಂದಡಿ ಆಸುಪಾಸು ಹೋಗಬೇಕು. ನಾಲ್ಕು ಬೆರಳಿಗೇ ನಿಂತರೆ ಎಲ್ಲೋ ಕಾಲುವೆ ಒಡೆದಿದೆ ಅಥವಾ ಬೋರು ಇಳಿದಿದೆ ಅಂತ ಅರ್ಥ, ಡ್ರಮ್ ಮತ್ತೆ ತನ್ನಿ. ಮಾರ್ಚಲ್ಲಿ ನಮ್ಮದು ತುಂಬಲು 125 ಸೆಕೆಂಡ್ ತಗೊಂಡಿತು, ಅದೇ 50 ಮಿಲಿಮೀಟರಿಗೆ 28ರ ಬದಲು 35 ಗಂಟೆ. ಮಧ್ಯೆ 20 ಮಿಲಿಮೀಟರ್ ಮಳೆ ಬಂದು ಹೊಲದಲ್ಲೇ ಇಂಗಿದರೆ, 81,000 ಲೀಟರ್ ಕಳೆದುಬಿಡಿ, ಹದಿನಾಲ್ಕು ಗಂಟೆ ಮೋಟರ್ ಉಳಿಯಿತು.