ಗೀಸರ್ ಮ್ಯಾನ್ಯುಯಲ್‌ನಲ್ಲಿ 'ತೆಗೆ' ಅನ್ನೋ ಪದ ನನ್ನನ್ನ ಸತಾಯಿಸಿದ್ದು

ಹೋದ ವರ್ಷ 15 ಲೀಟರ್ ಗೀಸರ್ ಒಂದರ ಮ್ಯಾನ್ಯುಯಲ್ ಕನ್ನಡಕ್ಕೆ ಮಾಡೋ ಕೆಲಸ ಬಂತು. ಸಣ್ಣ ಪುಸ್ತಕ, ಎರಡು ದಿನದಲ್ಲಿ ಮುಗಿಸಿ ವಿಜಯನಗರದಲ್ಲಿ ನಮ್ಮ ಕೆಳಗಿನ ಮನೆ ಆಂಟಿಗೆ ಪ್ರಿಂಟ್ ಕೊಟ್ಟು, ಓದ್ತಾ ಓದ್ತಾ ಏನೇನ್ ಮಾಡ್ತೀರೋ ಗೀಸರ್ ಮುಂದೆ ನಿಂತು ತೋರ್ಸಿ ಅಂದೆ.

ನಾನು ಬರೆದಿದ್ದು: "ಹೀಟರ್ ಆನ್ ಮಾಡುವ ಮೊದಲು ಬಿಸಿನೀರಿನ ನಲ್ಲಿ ತೆರೆದು ನೀರು ನಿರಂತರವಾಗಿ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ." ವ್ಯಾಕರಣ ಸರಿನೇ ಇದೆ, ಆದ್ರೆ ಆಂಟಿ "ಹೀಟರ್ ಆನ್ ಮಾಡುವ" ಅಂತ ಓದೋಷ್ಟರಲ್ಲೇ ಕೈ ಸ್ವಿಚ್ ಹತ್ರ ಹೋಗಿತ್ತು. ಟ್ಯಾಂಕಲ್ಲಿ ನೀರಿಲ್ದೆ ಆನ್ ಮಾಡಿದ್ರೆ ಕಾಯಿಲ್ ಸುಟ್ಟೋಗುತ್ತೆ. ಅವತ್ತಿಂದ ಹಂತಗಳಲ್ಲಿ "ಮೊದಲು" ಬಳಸೋದೇ ಬಿಟ್ಟೆ, ಕೈ ಯಾವ ಕ್ರಮದಲ್ಲಿ ಕೆಲಸ ಮಾಡುತ್ತೋ ವಾಕ್ಯಾನೂ ಅದೇ ಕ್ರಮದಲ್ಲಿ: "ಗೀಸರ್‌ಗೆ ನೀರು ಬರೋ ವಾಲ್ವ್ ತಿರುಗಿಸಿ ನೀರು ಬಿಡಿ. ಬಿಸಿನೀರಿನ ನಲ್ಲಿ ಬಿಡಿ, ನೀರು ಒಂದೇ ಸಮ ಬರೋವರೆಗೂ ಕಾಯಿರಿ. ಆಮೇಲೆ ಸ್ವಿಚ್ ಆನ್ ಮಾಡಿ."

ನಿಜವಾದ ತಲೆನೋವು ಸೇಫ್ಟಿ ವಾಲ್ವ್ ಪುಟದಲ್ಲಿ ಬಂತು. ಅಲ್ಲಿ "ವಾಲ್ವ್ ತೆಗೆಯಬೇಡಿ" ಅಂತ ಹಾಕಿದ್ದೆ. ನಮ್ಮ ಏರಿಯಾ ಪ್ಲಂಬರ್ ಓದಿ ಕೇಳಿದ, "ಸಾರ್, ತೆಗೀಬಾರ್ದು ಅಂದ್ರೆ ಬಿಚ್ಚಬಾರ್ದು ಅಂತನಾ, ಲಿವರ್ ಎತ್ತಬಾರ್ದು ಅಂತನಾ?" ಬಾಗಿಲು ತೆಗಿ ಅಂದ್ರೆ ತೆರೆಯೋದು, ಬಲ್ಬ್ ತೆಗಿ ಅಂದ್ರೆ ಕಳಚೋದು, ನಮಗೆ ಎರಡಕ್ಕೂ ಅದೇ ಪದ. ಅದೇ ಪುಟದ ಕೆಳಗಡೆ ಆಗಾಗ ಲಿವರ್ ಎತ್ತಿ ನೀರು ಬಿಟ್ಟು ನೋಡಿ ಅಂತ ಬೇರೆ ಇದೆ, ಯಾಕಂದ್ರೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ವಾಲ್ವ್ ಹಿಡ್ಕೊಂಡ್ರೆ ಟ್ಯಾಂಕ್ ಒಳಗಿನ ಪ್ರೆಶರ್ ಹೊರಗೆ ಹೋಗೋಕೆ ದಾರಿ ಇರಲ್ಲ. ಅಂದ್ರೆ ನನ್ನ ಎಚ್ಚರಿಕೆನೇ ಓದಿದವರನ್ನ ತಪ್ಪು ದಾರಿಗೆ ಎಳೀತಿತ್ತು! "ಹಾಕಿ"ದೂ ಅದೇ ಕಥೆ: ಸ್ವಿಚ್ ಹಾಕಿ ಅಂದ್ರೆ ಆನ್, ಬಾಗಿಲು ಹಾಕಿ ಅಂದ್ರೆ ಮುಚ್ಚಿ, ಹಾಗಾದ್ರೆ ವಾಲ್ವ್ ಹಾಕಿ ಅಂದ್ರೆ ಕೂರಿಸೋದಾ ಮುಚ್ಚೋದಾ? ಕೊನೆಗೆ ಎರಡು ಪದಾನೂ ಸರ್ಚ್ ಮಾಡಿ ಪೂರ್ತಿ ಕಿತ್ತೆ. ಕಳಚೋದಕ್ಕೆ "ಬಿಚ್ಚಿ", ವಾಲ್ವ್ ಪರೀಕ್ಷೆಗೆ "ಲಿವರ್ ಎತ್ತಿ", ನೀರಿಗೆ "ಬಿಡಿ" ಮತ್ತು "ನಿಲ್ಲಿಸಿ", ಕರೆಂಟಿಗೆ "ಆನ್" ಮತ್ತು "ಆಫ್". ಪುಸ್ತಕ ಪೂರ್ತಿ ಇಷ್ಟೇ. ಓದೋಕೆ ಬೋರ್ ಹೊಡೆಯುತ್ತೆ, ಹೊಡೀಲಿ.

ಮೂಲದಲ್ಲಿ ಸುರಕ್ಷತೆಯ ಸೂಚನೆಗಳಿಗೆ ಇದ್ದ ಮೂರು ಮಟ್ಟಕ್ಕೆ ಅಪಾಯ, ಎಚ್ಚರಿಕೆ, ಜಾಗ್ರತೆ ಅಂತ ಇಟ್ಕೊಂಡೆ. ಆದ್ರೆ ಎಚ್ಚರಿಕೆಗೂ ಜಾಗ್ರತೆಗೂ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ, ಅದಕ್ಕೇ ಪ್ರತಿಯೊಂದರ ಕೆಳಗೂ ಏನಾಗುತ್ತೆ ಅಂತ ಬರೆದೆ: "ಶಾಕ್ ಹೊಡೆದು ಸಾಯಬಹುದು", "ಕೈ ಸುಡುತ್ತೆ".

ಹಂತ ಒಡೆದಿದ್ದಕ್ಕೆ ಇನ್ನೊಂದು ಎಡವಟ್ಟಾಯ್ತು. ಒಂದು ಹಂತ ಮೂರಾಗಿ ನಂಬರ್ ಎಲ್ಲಾ ಮುಂದಕ್ಕೆ ಹೋದ್ವು, ಚಿತ್ರದ ಪಕ್ಕ ಮಾತ್ರ ಹಳೇ "ಹಂತ 4 ನೋಡಿ" ಹಾಗೇ ಇತ್ತು. 3ಅ, 3ಆ, 3ಇ ಅಂತ ಮಾಡಿ ಕಳಿಸಿದೆ. ಜಾಗ ಸಾಲಲ್ಲ ಅಂತ ಡಿಸೈನರ್ ಮೂರನ್ನೂ ಸೇರಿಸಿ ಒಂದೇ ಸಾಲು ಮಾಡಿಬಿಟ್ಟಿದ್ರು, ಪ್ರೂಫಲ್ಲಿ ಕಣ್ಣಿಗೆ ಬಿದ್ದಿದ್ದಕ್ಕೆ ವಾಪಸ್ ಒಡೆಸಿದೆ.