ಚೋರ್ಲಾ ಘಾಟಿನ ತಿರುವು, ಮೊಮ್ಮಗನ ಹೊಟ್ಟೆ

ಕಳೆದ ದೀಪಾವಳಿ ರಜೆಯಲ್ಲಿ ಬೆಳಗಾವಿಯಿಂದ ಪಣಜಿಗೆ ಕಾರಿನಲ್ಲಿ ಹೊರಟಿದ್ದೆವು. ಏಳು ವರ್ಷದ ಮೊಮ್ಮಗ ಹಿಂದಿನ ಸೀಟಿನ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ. ಜಾಂಬೋಟಿ ತನಕ ಗಲಾಟೆಯೋ ಗಲಾಟೆ. ಕಣಕುಂಬಿ ದಾಟಿ ಘಾಟಿನ ತಿರುವು ಶುರುವಾದ ಮೇಲೆ ಸುಮ್ಮನಾದ. ಎರಡು ಸಲ ಆಕಳಿಸಿದ. "ನಿದ್ದೆ ಬಂದಿರಬೇಕು ಅತ್ತೆ" ಅಂದಳು ಸೊಸೆ. ನಾನೂ ಹೂಂ ಅಂದೆ. ಐದು ನಿಮಿಷದಲ್ಲಿ ಬೆಳಗಿನ ಪೂರಿ-ಬಾಜಿಯೆಲ್ಲ ನನ್ನ ಇಳಕಲ್ ಸೀರೆಯ ಮೇಲೆ!

ಅದು ನಿದ್ದೆಯ ಆಕಳಿಕೆ ಅಲ್ಲ. ಮಾತಾಡುವ ಮಗು ಮೌನವಾಗಿ, ಮುಖ ಬಿಳಿಚಿ, ತಣ್ಣನೆ ಬೆವರು ಬಂದು, ಬಾಯಲ್ಲಿ ನೀರೂರಿದರೆ ವಾಂತಿ ಹತ್ತಿರ ಇದೆ ಅಂತಲೇ ಲೆಕ್ಕ. ಆಗಲೇ ಗಾಡಿ ನಿಲ್ಲಿಸಿ ಇಳಿಸಿದರೆ ಎಷ್ಟೋ ಸಲ ತಪ್ಪುತ್ತದೆ.

ಹೊಟ್ಟೆಯನ್ನು ಬೈದು ಉಪಯೋಗವಿಲ್ಲ, ಜಗಳ ಇರುವುದು ಕಿವಿಗೂ ಕಣ್ಣಿಗೂ. ಒಳಗಿವಿಯಲ್ಲಿರುವ ನೀರು ಗಾಡಿ ತಿರುಗಿದಂತೆ ಅಲುಗಿ, ನಾವು ಚಲಿಸುತ್ತಿದ್ದೇವೆ ಎಂದು ಮೆದುಳಿಗೆ ಹೇಳುತ್ತದೆ. ಮೊಬೈಲ್ ನೋಡುವ ಕಣ್ಣು ಎಲ್ಲವೂ ನಿಂತೇ ಇದೆ ಅನ್ನುತ್ತದೆ. ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಅಲ್ಲಿಂದ ಹನ್ನೆರಡರ ತನಕ ಜಾಸ್ತಿ.

ಹಾಗಾಗಿ ವಾಪಸ್ ಬರುವಾಗ ಮೊದಲು ಮೊಬೈಲ್ ಕಸಿದುಕೊಂಡೆ. ಹಿಂದಿನ ಸೀಟಿನ ನಡುವೆ ಎತ್ತರಿಸುವ ಬೂಸ್ಟರ್ ಸೀಟಿಟ್ಟು, ಬೆಲ್ಟ್ ಹಾಕಿಯೇ ಕೂರಿಸಿದೆವು. ಮುಂದಿನ ಗಾಜಿನಿಂದ ದೂರದ ರಸ್ತೆ ಕಾಣಬೇಕು, ಅದೇ ಗುಟ್ಟು. ತಿರುವು ಮೊದಲೇ ಕಂಡರೆ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಹಾಗಂತ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬ್ರೇಕ್ ಬಿದ್ದರೆ ಕೈಯಲ್ಲಿ ಹಿಡಿದು ತಡೆಯಲಾಗುವುದಿಲ್ಲ. ಬಸ್ಸಾದರೆ ಹಿಂದಿನ ಚಕ್ರದ ಮೇಲಿನ ಸೀಟೂ ಕೊನೆಯ ಸಾಲೂ ಬೇಡ, ಅಲ್ಲಿ ಕುಲುಕಾಟ ಹೆಚ್ಚು. ಮುಂಭಾಗದಲ್ಲಿ ಕಿಟಕಿ ಪಕ್ಕ ಹಿಡಿಯಿರಿ.

ಊಟದಲ್ಲಿ ನಾನೇ ತಪ್ಪಿದ್ದೆ. ಘಾಟಿಗೆ ಹೋಗುವ ಮಗುವಿಗೆ ಎಣ್ಣೆಯ ಪೂರಿ! ಖಾಲಿ ಹೊಟ್ಟೆಯೂ ಆಗುವುದಿಲ್ಲ. ವಾಪಸ್ ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಕೊಟ್ಟೆ, ದಾರಿಯಲ್ಲಿ ಗುಟುಕು ಗುಟುಕು ನೀರು. ಕಿಟಕಿ ಸ್ವಲ್ಪ ತೆರೆದಿಟ್ಟೆವು. ಅತ್ತರಿನ ವಾಸನೆ ಹೊಡೆಯುವ ಡಬ್ಬಿ ಡಿಕ್ಕಿ ಸೇರಿತು. ಮಗನ ಮುಖ ಸ್ವಲ್ಪ ಊದಿತು, ಇರಲಿ.

ಮಾತ್ರೆಗಳೂ ಇವೆ, ಆದರೆ ಹೊಟ್ಟೆ ತೊಳಸುವ ಮೊದಲೇ ಕೊಡಬೇಕು, ಹಲವನ್ನು ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ. ಕೆಲವು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಮಂಪರೂ ತರುತ್ತವೆ. ಮಕ್ಕಳ ಡಾಕ್ಟರರನ್ನು ಕೇಳದೆ, ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ನುಂಗಿಸಬೇಡಿ. ಗಾಡಿಯಿಂದ ಇಳಿದ ಮೇಲೂ ತಲೆನೋವು, ವಾಂತಿ ನಿಲ್ಲದಿದ್ದರೆ ಅದು ಪ್ರಯಾಣದ ಕಾಟ ಅಲ್ಲದಿರಬಹುದು, ತೋರಿಸಿ.

ಹೊರಡುವ ಮೊದಲು ವಾಂತಿಯ ಕವರಿಗೆ ಗಾಳಿ ಊದಿ ತೂತಿದೆಯಾ ನೋಡಿ. ನಮ್ಮದಕ್ಕೆ ಇತ್ತು.